ಫೌಂಡ್ರಿಯಲ್ಲಿ ಸಾಮರ್ಥ್ಯ ಖಾಲಿ ಇದ್ದಾಗ ಒಳ ಬೆಲೆ ಎಷ್ಟಿರಬೇಕು? ವಿಭಾಗಗಳ ನಡುವಿನ ವರ್ಗಾವಣೆ ಬೆಲೆ ಕುರಿತು ಪದೇ ಪದೇ ಕೇಳುವ ಪ್ರಶ್ನೆಗಳು

ಒಂದೇ ಕಂಪನಿಯ ಒಂದು ವಿಭಾಗ ಇನ್ನೊಂದಕ್ಕೆ ಮಾಲು ಕೊಟ್ಟಾಗ ಪುಸ್ತಕದಲ್ಲಿ ಬರೆದುಕೊಳ್ಳುವ ದರವೇ ವರ್ಗಾವಣೆ ಬೆಲೆ. ಕೊಡುವ ವಿಭಾಗಕ್ಕೆ ಕೈತುಂಬ ಕೆಲಸವಿದ್ದಾಗ ಈ ದರ ಅಷ್ಟು ತೊಡಕಿನದಲ್ಲ. ಅಲ್ಲಿ ಸಾಮರ್ಥ್ಯ ಖಾಲಿ ಬಿದ್ದಾಗ ಜಗಳ ಶುರುವಾಗುತ್ತದೆ, ಮತ್ತು ಆ ಜಗಳದಲ್ಲಿ ಕಂಪನಿಯ ದುಡ್ಡು ಹೊರಗೆ ಸೋರಿಹೋಗುತ್ತದೆ. ಈ ಪುಟ ಆ ಒಂದು ಸಂದರ್ಭದ ಬಗ್ಗೆ ಮಾತ್ರ.

ಉದ್ದಕ್ಕೂ ಒಂದೇ ಉದಾಹರಣೆ ಇಟ್ಟುಕೊಳ್ಳೋಣ. ಬೆಳಗಾವಿಯ ಉದ್ಯಮಬಾಗಿನಂಥ ಕೈಗಾರಿಕಾ ಪ್ರದೇಶದಲ್ಲಿ ಒಂದು ಕಂಪನಿ, ಒಂದೇ ಆವರಣದಲ್ಲಿ ಎರಡು ವಿಭಾಗ: ಫೌಂಡ್ರಿ ಮತ್ತು ಪಂಪ್ ಜೋಡಣೆ. ಫೌಂಡ್ರಿ ತಿಂಗಳಿಗೆ 10,000 ಪಂಪ್ ಕೇಸಿಂಗ್ ಎರಕ ಹೊಯ್ಯಬಲ್ಲದು. ಹೊರಗಿನ ಗಿರಾಕಿಗಳಿಗೆ ಒಂದಕ್ಕೆ 900 ರೂಪಾಯಿಯಂತೆ ಮಾರುತ್ತದೆ. ಆದರೆ ಈಗ ಆರ್ಡರ್ ಇರುವುದು 7,000ಕ್ಕೆ ಮಾತ್ರ. ಒಂದು ಕಾಸ್ಟಿಂಗಿಗೆ, ಅಂದರೆ ಎರಕ ಹೊಯ್ದ ಒಂದು ಕೇಸಿಂಗಿಗೆ, ಹೊಯ್ದಷ್ಟಕ್ಕೆ ತಕ್ಕಂತೆ ಬದಲಾಗುವ ವೆಚ್ಚ 560 ರೂಪಾಯಿ. ಹೊರಗೆ ಮಾರಿದರೆ ಸಾಗಣೆ, ಕಮಿಷನ್ ಎಂದು ಇನ್ನೂ 30. ಫೌಂಡ್ರಿಯ ಸ್ಥಿರ ವೆಚ್ಚ ತಿಂಗಳಿಗೆ 20 ಲಕ್ಷ. ಪಂಪ್ ವಿಭಾಗಕ್ಕೆ ತಿಂಗಳಿಗೆ 2,000 ಕೇಸಿಂಗ್ ಬೇಕು, ಹೊರಗಿನ ಒಬ್ಬ ಸರಬರಾಜುದಾರ ಅವನ್ನು ಬಾಗಿಲಿಗೆ ತಂದು 820ಕ್ಕೆ ಕೊಡುತ್ತೇನೆ ಎಂದಿದ್ದಾನೆ. ಈ ಅಂಕಿಗಳು ಲೆಕ್ಕ ತಿಳಿಯಾಗಲಿ ಎಂದು ನಾನು ಇಟ್ಟುಕೊಂಡವು, ಯಾವುದೋ ಕಂಪನಿಯ ಪುಸ್ತಕದಿಂದ ತೆಗೆದವಲ್ಲ.

ಒಂದು ಜೇಬಿನ ದುಡ್ಡು ಇನ್ನೊಂದು ಜೇಬಿಗೆ ಹೋಗುತ್ತದೆ ಅಷ್ಟೆ. ಬೆಲೆ ಎಷ್ಟಾದರೇನು?

ಮಾಲು ಕೈಬದಲಾಗುವುದು ಖಚಿತವಿದ್ದರೆ ಈ ಮಾತು ನಿಜ. 600 ಎಂದು ಬರೆದರೂ 800 ಎಂದು ಬರೆದರೂ ಕಂಪನಿಯ ಒಟ್ಟು ಲಾಭದಲ್ಲಿ ಒಂದು ಪೈಸೆಯೂ ವ್ಯತ್ಯಾಸವಾಗುವುದಿಲ್ಲ. ಆದರೆ ಬೆಲೆ ನೋಡಿಯೇ ಪಂಪ್ ವಿಭಾಗದ ಮ್ಯಾನೇಜರ್ ಒಳಗೆ ಕೊಳ್ಳಬೇಕೋ ಹೊರಗೆ ಕೊಳ್ಳಬೇಕೋ ಎಂದು ತೀರ್ಮಾನಿಸುತ್ತಾರೆ. ಅವರ ಬೋನಸ್, ಬಡ್ತಿ ಎಲ್ಲ ಅವರ ವಿಭಾಗದ ಲಾಭದ ಮೇಲೆ ನಿಂತಿದೆ. ಹಾಗಾಗಿ ಅವರು 820ಕ್ಕಿಂತ ಹೆಚ್ಚು ಕೇಳಿದವರ ಹತ್ತಿರ ಕೊಳ್ಳುವುದಿಲ್ಲ. ಅದು ಅವರ ತಪ್ಪಲ್ಲ, ಹಾಗೆ ನಡೆದುಕೊಳ್ಳಲಿ ಎಂದೇ ಕಂಪನಿ ಅವರಿಗೆ ಲಾಭದ ಹೊಣೆ ಕೊಟ್ಟಿದೆ.

ಅವರು ಹೊರಗೆ ಕೊಂಡರೆ ಕಂಪನಿಯಿಂದ ಒಂದು ಕೇಸಿಂಗಿಗೆ 820 ರೂಪಾಯಿ ಹೊರಹೋಗುತ್ತದೆ. ಒಳಗೆ ಕೊಂಡಿದ್ದರೆ ಹೋಗುತ್ತಿದ್ದದ್ದು 560. ವ್ಯತ್ಯಾಸ 260, ತಿಂಗಳಿಗೆ 2,000 ಕೇಸಿಂಗಿಗೆ 5,20,000 ರೂಪಾಯಿ. ಪಕ್ಕದ ಶೆಡ್ಡಿನಲ್ಲಿ ಮೋಲ್ಡಿಂಗ್ ಲೈನ್ ಸುಮ್ಮನೆ ನಿಂತಿರುವಾಗಲೇ ಈ ಹಣ ಗೇಟು ದಾಟುತ್ತದೆ. ಒಳ ಬೆಲೆ ತಪ್ಪಾದರೆ ಆಗುವ ನಷ್ಟ ಇದು.

ಮಾರುಕಟ್ಟೆ ಬೆಲೆಗೆ ಕೊಟ್ಟರೆ ಯಾರಿಗೂ ಅನ್ಯಾಯವಿಲ್ಲ ಅಲ್ಲವೇ?

ಫೌಂಡ್ರಿ ತುಂಬಿದ್ದರೆ ಅದೇ ಸರಿಯಾದ ಬೆಲೆ. ಆಗ ಒಳಗೆ ಕೊಟ್ಟ ಪ್ರತಿ ಕೇಸಿಂಗಿಗೂ ಹೊರಗೆ 900ಕ್ಕೆ ಕೊಳ್ಳುವ ಒಬ್ಬ ಗಿರಾಕಿಯನ್ನು ವಾಪಸ್ ಕಳಿಸಬೇಕಾಗುತ್ತದೆ. ಒಳಗೆ ಕೊಡುವಾಗ ಸಾಗಣೆ ಮತ್ತು ಕಮಿಷನ್ನಿನ 30 ಉಳಿಯುವುದರಿಂದ ಫೌಂಡ್ರಿ 870 ಕೇಳಬಹುದು. ಆ ಸ್ಥಿತಿಯಲ್ಲಿ ಪಂಪ್ ವಿಭಾಗ 820ಕ್ಕೆ ಹೊರಗೆ ಕೊಂಡರೆ ಕಂಪನಿಗೂ ಅದೇ ಒಳ್ಳೆಯದು.

ಸಾಮರ್ಥ್ಯ ಖಾಲಿ ಇದ್ದಾಗ ಈ ತರ್ಕದ ಬುಡವೇ ಕಳಚಿಬೀಳುತ್ತದೆ. ವಾಪಸ್ ಕಳಿಸಲು ಗಿರಾಕಿಯೇ ಇಲ್ಲ. 900 ಎನ್ನುವುದು ಆ 3,000 ಜಾಗಗಳಿಗೆ ಸಿಗದ ಬೆಲೆ. ಸಿಗದ ಬೆಲೆಯನ್ನು ಪಕ್ಕದ ವಿಭಾಗದಿಂದ ವಸೂಲು ಮಾಡಹೊರಟರೆ ಅವರು 820ರ ಕಡೆ ಹೋಗುತ್ತಾರೆ, ಫೌಂಡ್ರಿಗೂ ಏನೂ ದಕ್ಕುವುದಿಲ್ಲ.

ಇದಕ್ಕಿಂತ ಕಣ್ಣಿಗೆ ಬೀಳದ ನಷ್ಟವೊಂದಿದೆ. ಪಂಪ್ ವಿಭಾಗಕ್ಕೆ 1,000 ಪಂಪಿನ ಒಂದು ವಿಶೇಷ ಆರ್ಡರ್ ಬಂತು ಎನ್ನಿ, ಬೆಲೆ 2,400. ಕೇಸಿಂಗ್ ಬಿಟ್ಟು ಉಳಿದ ಬದಲಾಗುವ ವೆಚ್ಚ 1,650. ಅಂದರೆ ಕೇಸಿಂಗಿಗೆ ಅವರು ಕೊಡಬಲ್ಲದ್ದು ಹೆಚ್ಚೆಂದರೆ 750. ಫೌಂಡ್ರಿ 870 ಎಂದರೆ ಆರ್ಡರ್ ಬಿಟ್ಟುಬಿಡುತ್ತಾರೆ, ಹೊರಗಿನ 820ಕ್ಕೂ ಅದು ಗಿಟ್ಟುವುದಿಲ್ಲ. ಕಂಪನಿಯ ಕಣ್ಣಲ್ಲಿ ನೋಡಿದರೆ 2,400ರಲ್ಲಿ 1,650 ಮತ್ತು 560 ಕಳೆದು ಪಂಪಿಗೆ 190 ಉಳಿಯುತ್ತಿತ್ತು, ಒಟ್ಟು 1,90,000. ಬಿಟ್ಟುಬಿಟ್ಟ ಆರ್ಡರಿಗೆ ಯಾವ ವರದಿಯಲ್ಲೂ ಸಾಲಿಲ್ಲ, ಆದ್ದರಿಂದ ಇದನ್ನು ಯಾರೂ ಕೇಳುವುದೇ ಇಲ್ಲ. ಮಾರಾಟದವರು ಬೇಡವೆಂದ ವಿಚಾರಣೆಗಳ ಪಟ್ಟಿ ತೆಗೆಸಿ, ಎಷ್ಟು ಕಡೆ ಕಾರಣ ‘ಒಳಗಿನ ಕಾಸ್ಟಿಂಗ್ ದರ’ ಎಂದಿದೆ ನೋಡಿ. ಒಳ ಬೆಲೆ ಕೆಟ್ಟಿದೆ ಎಂದು ತಿಳಿಯಲು ನನಗೆ ಗೊತ್ತಿರುವ ಅತ್ಯುತ್ತಮ ದಾರಿ ಅದು.

ಹಾಗಾದರೆ ಕನಿಷ್ಠ ಬೆಲೆ ಯಾವುದು, ಗರಿಷ್ಠ ಯಾವುದು?

ಕನಿಷ್ಠ ಬೆಲೆಗೆ ಒಂದೇ ಸೂತ್ರ ಸಾಕು. ಅದರಲ್ಲಿ ಕಾಂಟ್ರಿಬ್ಯೂಷನ್ ಎಂದರೆ ಮಾರಾಟ ಬೆಲೆಯಲ್ಲಿ ಬದಲಾಗುವ ವೆಚ್ಚ ಕಳೆದು ಉಳಿಯುವ ಮೊತ್ತ:

```
ಕನಿಷ್ಠ ಬೆಲೆ = ಹೆಚ್ಚುವರಿಯಾಗಿ ತಗಲುವ ವೆಚ್ಚ + ಹೊರಗೆ ಕೈತಪ್ಪುವ ಕಾಂಟ್ರಿಬ್ಯೂಷನ್
```

ಸಾಮರ್ಥ್ಯ ಖಾಲಿ ಇದ್ದಾಗ ಎರಡನೆಯ ಭಾಗ ಸೊನ್ನೆ, ಹಾಗಾಗಿ ಕನಿಷ್ಠ 560. ತುಂಬಿದ್ದಾಗ ಹೊರಗಿನ ಕಾಂಟ್ರಿಬ್ಯೂಷನ್ 900ರಿಂದ 590 ಕಳೆದು 310, ಆದ್ದರಿಂದ ಕನಿಷ್ಠ 560 ಮತ್ತು 310 ಸೇರಿ 870. ಮೇಲೆ ಮಾರುಕಟ್ಟೆ ಬೆಲೆಯಿಂದ ಇಳಿದು ಬಂದದ್ದೂ ಇದೇ 870. ಮಾರುಕಟ್ಟೆ ಬೆಲೆಯೂ ಬದಲಾಗುವ ವೆಚ್ಚವೂ ಬೇರೆ ಬೇರೆ ಸಿದ್ಧಾಂತಗಳೇನಲ್ಲ, ಒಂದೇ ಸೂತ್ರದ ಎರಡು ತುದಿಗಳು.

ಗರಿಷ್ಠವನ್ನು ಕೊಳ್ಳುವವರ ಕಡೆಯಿಂದ ನೋಡಬೇಕು: ಹೊರಗೆ ಸಿಗುವ ದರ, ಅಥವಾ ಕೊನೆಯ ಮಾಲು ಮಾರಿ ಬರುವುದರಲ್ಲಿ ಉಳಿದ ವೆಚ್ಚ ಕಳೆದು ಉಳಿಯುವ ಮೊತ್ತ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮಾಮೂಲಿ ಅಗತ್ಯಕ್ಕೆ 820, ವಿಶೇಷ ಆರ್ಡರಿಗೆ 750. ಕನಿಷ್ಠ ಗರಿಷ್ಠಕ್ಕಿಂತ ಕೆಳಗಿದ್ದರೆ ಮಾಲು ಒಳಗೇ ಹೋಗಬೇಕು. ನಡುವೆ ಎಲ್ಲಿ ನಿಂತರೂ ಕಂಪನಿಗೆ ಸಮ. ಲಾಭ ಯಾರ ಪಾಲಿಗೆ ಎಷ್ಟು ಎನ್ನುವುದಷ್ಟೇ ಬಾಕಿ.

ಆ 560ರಲ್ಲಿ ಏನೇನು ಸೇರಬೇಕು? ಫೌಂಡ್ರಿಯವರು ಒಂದು ಹೇಳುತ್ತಾರೆ, ಪಂಪಿನವರು ಇನ್ನೊಂದು.

ಇಡೀ ವಿಷಯದಲ್ಲಿ ಹೆಚ್ಚು ಹೊತ್ತು ಕೂರಬೇಕಾದ ಜಾಗ ಇದೇ. ಹಂದಿಕಬ್ಬಿಣ, ಗುಜರಿ, ಮರಳು, ರೆಸಿನ್ ಬಗ್ಗೆ ತಕರಾರಿಲ್ಲ. ತಕರಾರು ಬರುವುದು ಮಜೂರಿ ಮತ್ತು ಕರೆಂಟಿನಲ್ಲಿ.

ಕಾಯಂ ಕಾರ್ಮಿಕರ ಸಂಬಳ ಆರ್ಡರ್ ಇರಲಿ ಬಿಡಲಿ ಹೋಗುತ್ತದೆ. ಖಾಲಿ ಸಾಮರ್ಥ್ಯದಲ್ಲಿ ಮಾಡುವ ಕೆಲಸಕ್ಕೆ ಅದು ಹೆಚ್ಚುವರಿ ವೆಚ್ಚವಲ್ಲ, ಕಾಸ್ಟ್ ಶೀಟಿನಲ್ಲಿ ‘ನೇರ ಮಜೂರಿ’ ಎಂಬ ಹೆಸರಿದ್ದರೂ ಅಲ್ಲ. ಆದರೆ ಎರಕದ ಅಂಚು ಸವರಿ ಶುಚಿಮಾಡುವ ಫೆಟ್ಲಿಂಗ್ ಕೆಲಸವನ್ನು ಪೀಸ್ ಲೆಕ್ಕಕ್ಕೆ ಗುತ್ತಿಗೆ ಕೊಟ್ಟಿದ್ದರೆ ಅದು ಪೂರ್ತಿ ಸೇರಬೇಕು. 2,000 ಕೇಸಿಂಗಿಗಾಗಿ ಓವರ್‌ಟೈಮ್ ಮಾಡಿಸಬೇಕಾದರೆ ಕಾನೂನಿನ ಪ್ರಕಾರ ದುಪ್ಪಟ್ಟು ದರ ಕೊಡಬೇಕು, ಅದೂ ಸೇರುತ್ತದೆ. ಆಗ ಆ ವಾರಗಳಲ್ಲಿ ಸಾಮರ್ಥ್ಯ ನಿಜಕ್ಕೂ ಖಾಲಿ ಇತ್ತೇ ಎಂದೂ ಕೇಳಬೇಕು.

ಇಂಡಕ್ಷನ್ ಫರ್ನೇಸಿನ ಬಿಲ್ಲಿನಲ್ಲಿ ಎರಡು ಭಾಗ. ಕರಗಿಸಿದಷ್ಟು ಯೂನಿಟ್ ಓಡುವ ಎನರ್ಜಿ ಚಾರ್ಜ್ ಬದಲಾಗುವ ವೆಚ್ಚ. ಒಂದೇ ಹೊತ್ತಿಗೆ ಎಳೆಯುವ ಗರಿಷ್ಠ ಕೆವಿಎ ಮೇಲೆ ಬೀಳುವ ಡಿಮ್ಯಾಂಡ್ ಚಾರ್ಜ್ ಸಾಮಾನ್ಯವಾಗಿ ಸ್ಥಿರ. ಆದರೆ ಒಳಗಿನ ಆರ್ಡರಿಗಾಗಿ ಎರಡನೇ ಫರ್ನೇಸನ್ನು ಮೊದಲನೆಯದರ ಜೊತೆಗೇ ಹಚ್ಚಿದರೆ ತಿಂಗಳ ಗರಿಷ್ಠ ಬೇಡಿಕೆ ಏರುತ್ತದೆ, ಆ ಏರಿಕೆ ಈ ಆರ್ಡರಿನ ವೆಚ್ಚವೇ. ಅದೇ ಕೆಲಸವನ್ನು ಬೇರೆ ಪಾಳಿಯಲ್ಲಿ ಮಾಡಿದರೆ ಈ ವೆಚ್ಚ ಬರುವುದೇ ಇಲ್ಲ. ಹಾಗಾಗಿ ಲೆಕ್ಕದವರು ಪ್ರೊಡಕ್ಷನ್ ಪ್ಲಾನಿಂಗಿನವರನ್ನು ಪಕ್ಕದಲ್ಲಿ ಕೂರಿಸಿಕೊಂಡೇ ಈ 560 ಬರೆಯಬೇಕು.

ಸಾಮರ್ಥ್ಯ ನಿಜವಾಗಿ ಖಾಲಿ ಇದೆ ಎಂದು ಹೇಗೆ ತಿಳಿಯುವುದು?

ಟನ್ ಲೆಕ್ಕದಲ್ಲಿ ಹೇಳಿದ ಸಾಮರ್ಥ್ಯವನ್ನು ನಂಬಬೇಡಿ. ಫರ್ನೇಸಿನಲ್ಲಿ ಕರಗಿಸುವ ಸಾಮರ್ಥ್ಯ ಬೇಕಾದಷ್ಟು ಉಳಿದಿರಬಹುದು, ಆದರೆ ಪಂಪ್ ಕೇಸಿಂಗಿಗೆ ಒಳಗಡೆ ಟೊಳ್ಳು ಬೇಕು, ಅದಕ್ಕೆ ಅಚ್ಚಿನೊಳಗೆ ಇಡುವ ಮರಳಿನ ತಿರುಳು, ಅಂದರೆ ಕೋರ್ ಬೇಕು. ಕೋರ್ ಶಾಪ್ ಈಗಾಗಲೇ ಹೊರಗಿನ ವಾಲ್ವ್ ಬಾಡಿಗಳಿಂದ ತುಂಬಿದ್ದರೆ ಕರಗಿದ ಲೋಹ ಇದ್ದೂ ಪ್ರಯೋಜನವಿಲ್ಲ. ಒಳಗಿನ ಪ್ರತಿ ಕೇಸಿಂಗೂ ಹೊರಗಿನ ಒಂದು ವಾಲ್ವನ್ನು ಪಕ್ಕಕ್ಕೆ ತಳ್ಳುತ್ತದೆ, ಆಗ ಕೈತಪ್ಪುವ ಕಾಂಟ್ರಿಬ್ಯೂಷನ್ ಸೊನ್ನೆ ಅಲ್ಲ. ಪ್ರತಿ ಹಂತದಲ್ಲೂ, ಮೋಲ್ಡಿಂಗ್, ಕೋರ್, ಕರಗಿಸುವುದು, ಫೆಟ್ಲಿಂಗ್, ಎಷ್ಟು ಗಂಟೆ ಉಳಿದಿದೆ ಎಂದು ಕೇಳಿ ಎಲ್ಲಕ್ಕಿಂತ ಕಡಿಮೆ ಉಳಿದ ಹಂತವನ್ನೇ ಅಳತೆಗೋಲಾಗಿ ಹಿಡಿಯಿರಿ. ನಮ್ಮ ಉದಾಹರಣೆಯ 3,000 ಆ ಹಂತದಲ್ಲಿ ಅಳೆದದ್ದು ಎಂದುಕೊಂಡಿದ್ದೇವೆ.

ಹೊರಗಿನಿಂದ ತಿಳಿಯುವ ಒಂದು ಗುರುತಿದೆ: ಒಳಗಿನ ಆರ್ಡರ್ ಶುರುವಾದ ಮೇಲೆ ಹೊರಗಿನ ಗಿರಾಕಿಗಳಿಗೆ ಮಾಲು ತಡವಾಗುತ್ತಿದ್ದರೆ ಸಾಮರ್ಥ್ಯ ಖಾಲಿ ಇರಲಿಲ್ಲ.

ಪೂರ್ತಿ ವೆಚ್ಚಕ್ಕೆ, ಅಂದರೆ 760ಕ್ಕೆ ಕೊಟ್ಟರೆ ಆಗದೇ?

20 ಲಕ್ಷವನ್ನು 10,000ಕ್ಕೆ ಹಂಚಿದರೆ ಒಂದಕ್ಕೆ 200, 560ಕ್ಕೆ ಕೂಡಿದರೆ 760. ಮಾಮೂಲಿ ಅಗತ್ಯಕ್ಕೆ ಇದು 820ಕ್ಕಿಂತ ಕೆಳಗಿರುವುದರಿಂದ ಕೆಲಸ ನಡೆಯುತ್ತದೆ. ಆದರೆ ವಿಶೇಷ ಆರ್ಡರಿನಲ್ಲಿ ಪಂಪ್ ವಿಭಾಗ ಕೊಡಬಲ್ಲದ್ದು 750. ಹತ್ತು ರೂಪಾಯಿಗೋಸ್ಕರ 1,90,000 ಕೈಬಿಟ್ಟಂತಾಯಿತು. ಇನ್ನೂ ಕೆಟ್ಟದ್ದೆಂದರೆ, ಸ್ಥಿರ ವೆಚ್ಚವನ್ನು ಈಗ ನಿಜವಾಗಿ ಹೊಯ್ದ ಕಾಸ್ಟಿಂಗುಗಳಿಗೆ ಮಾತ್ರ ಹಂಚಿದರೆ ಕೆಲಸ ಕಡಿಮೆಯಾದಷ್ಟೂ ದರ ಏರುತ್ತದೆ. ದರ ಏರಿದಂತೆ ಒಳಗಿನವರೂ ಹೊರಗೆ ಹೋಗುತ್ತಾರೆ. ಖಾಲಿ ಸಾಮರ್ಥ್ಯ ಇನ್ನಷ್ಟು ಖಾಲಿಯಾಗಲು ಇದೇ ದಾರಿ.

ಬದಲಾಗುವ ವೆಚ್ಚದ ಮೇಲೆ ಎಷ್ಟು ಸೇರಿಸಬೇಕು?

ಬರೀ 560ಕ್ಕೆ ಕೊಟ್ಟರೆ ಫೌಂಡ್ರಿ ಮ್ಯಾನೇಜರಿಗೆ ಏನೂ ಉಳಿಯುವುದಿಲ್ಲ. ಅವರ ವಿಭಾಗದ ಲಾಭ ಆರ್ಡರಿಗೆ ಮೊದಲು ಎಷ್ಟಿತ್ತೋ ನಂತರವೂ ಅಷ್ಟೇ, ತಲೆನೋವು ಮಾತ್ರ ಹೆಚ್ಚು. ಹೀಗಾಗಿ ಮೇಲೆ ಒಂದಿಷ್ಟು ಸೇರಿಸುವ ಪದ್ಧತಿ ಬಂತು. ಶೇಕಡಾ 10 ಎಂದರೆ 616. ಫೌಂಡ್ರಿಗೆ ಒಂದಕ್ಕೆ 56, ಪಂಪ್ ವಿಭಾಗಕ್ಕೆ 204 ಉಳಿತಾಯ. ಲೆಕ್ಕ ಸುಲಭ, ಚೌಕಾಶಿ ಇಲ್ಲ, ವಿಶೇಷ ಆರ್ಡರೂ ಉಳಿಯುತ್ತದೆ.

ಒಂದು ಷರತ್ತು ಮಾತ್ರ ಬಿಡಬಾರದು: ದರವನ್ನು ಮೊದಲೇ ನಿಗದಿಮಾಡಿದ ಪ್ರಮಾಣಿತ ವೆಚ್ಚದ ಮೇಲೆ ಕಟ್ಟಬೇಕು, ಆದ ವೆಚ್ಚದ ಮೇಲಲ್ಲ. ಫೌಂಡ್ರಿಯಲ್ಲಿ ಮರಳಿನ ತೇವ ಹತೋಟಿ ತಪ್ಪಿ ರಿಜೆಕ್ಷನ್ ಹೆಚ್ಚಿತು, ಬದಲಾಗುವ ವೆಚ್ಚ 585 ಆಯಿತು ಎನ್ನಿ. ಆದ ವೆಚ್ಚದ ಮೇಲೆ ಶೇಕಡಾ 10 ಎಂದಿದ್ದರೆ ದರ 643.50, ಫೌಂಡ್ರಿಯ ಪಾಲು 56ರಿಂದ 58.50ಕ್ಕೆ ಏರಿತು. ಕೆಲಸ ಕೆಡಿಸಿದ್ದಕ್ಕೆ ಹೆಚ್ಚು ಸಿಕ್ಕಿತು! ಪ್ರಮಾಣಿತ 560ಕ್ಕೆ ಕಟ್ಟಿದ್ದರೆ ಆ 25 ರೂಪಾಯಿ ಫೌಂಡ್ರಿಯ ತಲೆಗೇ ಬಂದು, ಮರಳಿನ ಪರೀಕ್ಷೆ ಮರುದಿನವೇ ಶುರುವಾಗುತ್ತಿತ್ತು. ಹಂದಿಕಬ್ಬಿಣ ಮತ್ತು ಗುಜರಿಯ ಪೇಟೆ ದರ ಏರಿಳಿದದ್ದನ್ನು ಮಾತ್ರ ತಿಂಗಳಿಗೊಮ್ಮೆ ಸರಿಮಾಡಿಕೊಳ್ಳಬಹುದು, ಅದು ಯಾರ ಕೈಯಲ್ಲೂ ಇಲ್ಲ.

ಈ ಪದ್ಧತಿಗೂ ಮಿತಿಯಿದೆ. ಪಂಪ್ ವಿಭಾಗ 600 ಮಾತ್ರ ಕೊಡಬಲ್ಲ ಆರ್ಡರ್ ಬಂದರೆ 616 ಅದನ್ನೂ ಹೊರಗಟ್ಟುತ್ತದೆ, ಕಂಪನಿಗೆ 40 ಸಿಗುತ್ತಿದ್ದರೂ. ಆದ್ದರಿಂದ ಕೆಲವು ಕಡೆ ದರವನ್ನು ಎರಡಾಗಿ ಒಡೆಯುತ್ತಾರೆ: ಪ್ರತಿ ಕಾಸ್ಟಿಂಗಿಗೆ 560, ಜೊತೆಗೆ 2,000 ಜಾಗ ಕಾದಿರಿಸಿದ್ದಕ್ಕೆ ತಿಂಗಳಿಗೊಂದು ನಿಶ್ಚಿತ ಮೊತ್ತ, ಉದಾಹರಣೆಗೆ 2,60,000. ಮಾಸಿಕ ಮೊತ್ತ ಕೊಟ್ಟಾದ ಮೇಲೆ ಪಂಪ್ ಮ್ಯಾನೇಜರ್ ಹೊಸ ಆರ್ಡರ್ ತೂಗುವಾಗ ಕಣ್ಣೆದುರು ಇರುವುದು 560 ಮಾತ್ರ, ಹಾಗಾಗಿ ಕಂಪನಿಗೆ ಲಾಭ ತರುವ ಯಾವ ಆರ್ಡರನ್ನೂ ಅವರು ಬಿಡುವುದಿಲ್ಲ. ನನಗೆ ಇಷ್ಟವಾದ ಪದ್ಧತಿ ಇದು. ಕೊರತೆ ಏನೆಂದರೆ, ಕಾದಿರಿಸಿದ್ದಕ್ಕಿಂತ ಹೆಚ್ಚಿನ ಪ್ರತಿ ಕಾಸ್ಟಿಂಗಿನಿಂದ ಫೌಂಡ್ರಿಗೆ ಏನೂ ಇಲ್ಲ. ತುರ್ತು ಆರ್ಡರ್ ಹೇಳಿದರೆ ‘ಮುಂದಿನ ವಾರ ನೋಡೋಣ’ ಎಂಬ ಉತ್ತರ ಬರಬಹುದು.

ಇಬ್ಬರನ್ನೂ ಕೂರಿಸಿ ಮಾತಾಡಿಸಿದರೆ ಸರಿಹೋಗುವುದಿಲ್ಲವೇ?

ಹೋಗುತ್ತದೆ, ಮೂರು ಅನುಕೂಲ ಮಾಡಿಕೊಟ್ಟರೆ. ಪಂಪ್ ವಿಭಾಗಕ್ಕೆ ನಿಜಕ್ಕೂ ಹೊರಗೆ ಕೊಳ್ಳುವ ಸ್ವಾತಂತ್ರ್ಯ ಇರಬೇಕು. ಇಲ್ಲದಿದ್ದರೆ ಅದು ಚೌಕಾಶಿಯಲ್ಲ, ಅಪ್ಪಣೆ. ಎರಡೂ ಕಡೆಯವರಿಗೆ 560 ಮತ್ತು 820 ಎರಡೂ ಗೊತ್ತಿರಬೇಕು. ಒಪ್ಪಂದವಾಗದಿದ್ದರೆ ಇಂತಿಷ್ಟು ದಿನದಲ್ಲಿ ಯಾರು ತೀರ್ಮಾನಿಸುತ್ತಾರೆ ಎಂದು ಮೊದಲೇ ಹೇಳಿರಬೇಕು.

ನಡುವಿನ ಬೆಲೆ 690. ಅಲ್ಲಿ ನಿಂತರೆ ಇಬ್ಬರಿಗೂ ಒಂದಕ್ಕೆ 130, ತಿಂಗಳಿಗೆ 2,60,000. ಅರ್ಧರ್ಧವೇ ಆಗಬೇಕೆಂದಿಲ್ಲ. ಆದರೆ ಮಾತು ನಡೆಯುವಾಗ 820 ಎನ್ನುವುದು ಎಂಥ ದರ ಎಂದು ಕೆದಕಿ ನೋಡುವುದು ಒಳ್ಳೆಯದು. ಮೊದಲ ಆರ್ಡರ್ ಹಿಡಿಯಲು ಇಳಿಸಿ ಕೊಟ್ಟ ದರವೇ? ಮರಳಿನಲ್ಲಿ ಅಚ್ಚು ತೆಗೆಯಲು ಬೇಕಾದ ಮಾದರಿಯ, ಅಂದರೆ ಪ್ಯಾಟರ್ನಿನ ವೆಚ್ಚ ಅದರಲ್ಲಿ ಸೇರಿದೆಯೇ? ಎಷ್ಟು ತಿಂಗಳಿಗೆ ಬರೆದುಕೊಡುತ್ತಾನೆ? ಉತ್ತರ ನೋಡಿದರೆ ಗರಿಷ್ಠ 820ಕ್ಕಿಂತ ಮೇಲಿರಬಹುದು.

ಬೆಲೆಯಷ್ಟೇ ಜಗಳ ತರುವುದು ರಿಜೆಕ್ಷನ್. ಎರಕದೊಳಗಿನ ಗಾಳಿಗುಳ್ಳೆ ಕಾಣುವುದು ಪಂಪ್ ವಿಭಾಗ ಮಷಿನಿಂಗ್ ಮಾಡಿದ ಮೇಲೆ. ಹೊರಗಿನವನಾಗಿದ್ದರೆ ಡೆಬಿಟ್ ನೋಟ್ ಹಾಕಿ ಕಾಸ್ಟಿಂಗಿನ ಬೆಲೆ ಹಿಡಿಯುತ್ತಿದ್ದರು, ಕೆಲವೊಮ್ಮೆ ಮಷಿನಿಂಗ್ ಖರ್ಚನ್ನೂ. ಒಳಗಿನವರಿಗೂ ಅದೇ ನಿಯಮ ಬರೆದಿಡಿ. ತಿರಸ್ಕೃತ ಕಾಸ್ಟಿಂಗ್ ಮತ್ತೆ ಫರ್ನೇಸಿಗೆ ಹೋಗುವುದರಿಂದ ಗುಜರಿ ಬೆಲೆ ಯಾರ ಖಾತೆಗೆ ಎಂದೂ ಬರೆಯಿರಿ. ಇದನ್ನು ಬರೆಯದ ಕಡೆ 690 ಎಂಬ ದರ ಎರಡು ತಿಂಗಳೂ ಬಾಳುವುದಿಲ್ಲ.

ನಮಗೆ 4,000 ಬೇಕು, ಖಾಲಿ ಇರುವುದು 3,000. ಆಗ?

ಮೊದಲ 3,000ಕ್ಕೆ ಕನಿಷ್ಠ 560. ಕೊನೆಯ 1,000 ಹೊರಗಿನ ಗಿರಾಕಿಯ ಜಾಗ ತಿನ್ನುತ್ತದೆ, ಅದಕ್ಕೆ ಕನಿಷ್ಠ 870. ಅದು 820ಕ್ಕಿಂತ ಹೆಚ್ಚಾದ್ದರಿಂದ ಆ 1,000ವನ್ನು ಹೊರಗೆ ಕೊಳ್ಳುವುದೇ ಕಂಪನಿಗೆ ಒಳಿತು. ಹೀಗೆ ಒಡೆದರೆ ಉಳಿತಾಯ 3,000ಕ್ಕೆ 260ರಂತೆ 7,80,000.

ಹೊರಗಿನ ಸರಬರಾಜುದಾರ ‘ಕೊಟ್ಟರೆ ಪೂರ್ತಿ 4,000, ಇಲ್ಲದಿದ್ದರೆ ಬೇಡ’ ಎಂದು ಹಠ ಹಿಡಿಯಬಹುದು. ಆಗ ಸರಾಸರಿ ನೋಡಬೇಕು: 3,000ಕ್ಕೆ 16,80,000 ಮತ್ತು 1,000ಕ್ಕೆ 8,70,000, ಒಟ್ಟು 25,50,000, ಒಂದಕ್ಕೆ 637.50. ಇದು 820ಕ್ಕಿಂತ ಎಷ್ಟೋ ಕಡಿಮೆ, ಆದ್ದರಿಂದ ನಾಲ್ಕು ಸಾವಿರವೂ ಒಳಗೇ ಆಗಲಿ. ಉಳಿತಾಯ 7,30,000ಕ್ಕೆ ಇಳಿಯುತ್ತದೆ, ಕಡಿಮೆಯಾದ 50,000 ಹೊರಗಿನವನ ಹಠದ ಬೆಲೆ.

ಮೂರು ತಿಂಗಳ ನಂತರ ಫೌಂಡ್ರಿಗೆ ಹೊರಗಿನ ಆರ್ಡರ್ ವಾಪಸ್ ಬಂದರೆ?

ಮಾತುಕತೆಯ ಬೆಲೆ ಹಾಳಾಗುವುದು ಹೆಚ್ಚಾಗಿ ಇಲ್ಲೇ. ಖಾಲಿ ಕಾಲದಲ್ಲಿ ಒಪ್ಪಿದ 690 ಅನ್ನು ವರ್ಷಕ್ಕೆ ಬರೆದುಕೊಂಡಿರುತ್ತಾರೆ. ಆರ್ಡರ್ ಬಂದಾಗ ಫೌಂಡ್ರಿ ಪ್ರತಿ ಕಾಸ್ಟಿಂಗಿನಲ್ಲೂ 870ರಿಂದ 690 ಕಳೆದು 180 ಕಳೆದುಕೊಳ್ಳುತ್ತದೆ, ಪಂಪ್ ವಿಭಾಗ ಒಪ್ಪಂದ ತೋರಿಸುತ್ತದೆ. ಕಂಪನಿಯೂ ಕಳೆದುಕೊಳ್ಳುತ್ತದೆ, ಏಕೆಂದರೆ 820ಕ್ಕೆ ಹೊರಗೆ ಸಿಗುವ ವಸ್ತುವಿಗೆ 870ರ ಅವಕಾಶ ತೆರುತ್ತಿದೆ.

ಆದ್ದರಿಂದ ದರದ ಜೊತೆಗೆ ಅದು ಯಾವಾಗ ಮುಗಿಯುತ್ತದೆ ಎಂದೂ ಬರೆಯಬೇಕು. ನಮ್ಮ ಉದಾಹರಣೆಯಲ್ಲಿ 10,000ದಿಂದ ಪಂಪ್ ವಿಭಾಗದ 2,000 ಕಳೆದರೆ ಗಡಿ 8,000: ಮುಂದಿನ ತಿಂಗಳಿಗೆ ಹೊರಗಿನ ಖಚಿತ ಆರ್ಡರ್ ಅದನ್ನು ದಾಟಿದರೆ, ಜಾಗ ಸಾಲದೆ ಬರುವಷ್ಟು ಕಾಸ್ಟಿಂಗಿಗೆ ದರ 870, ಪಂಪ್ ವಿಭಾಗ ಅಷ್ಟನ್ನು ಹೊರಗೆ ಕೊಳ್ಳಲು ಸ್ವತಂತ್ರ. ಮುನ್ಸೂಚನೆಯ ಅವಧಿಯನ್ನು ಊಹೆಯಿಂದ ಇಡಬೇಡಿ. ಪ್ಯಾಟರ್ನ್ ಮತ್ತು ಕೋರ್ ಬಾಕ್ಸ್ ಹೊರಗಿನ ಫೌಂಡ್ರಿಗೆ ಹೋಗಬೇಕು, ಅವರು ಮಾದರಿ ಹೊಯ್ಯಬೇಕು, ಅದನ್ನು ಅಳೆದು ಒಪ್ಪಬೇಕು. ಇಷ್ಟಕ್ಕೆ ನಿಮ್ಮಲ್ಲಿ ಎಷ್ಟು ವಾರ ಹಿಡಿಯುತ್ತದೋ ಮುನ್ಸೂಚನೆ ಅದಕ್ಕಿಂತ ಕಡಿಮೆ ಇರಬಾರದು. ಪ್ಯಾಟರ್ನ್ ಯಾರ ಸ್ವತ್ತು ಎಂಬುದೂ ಇಲ್ಲೇ ಇತ್ಯರ್ಥವಾಗಲಿ.

ಒಪ್ಪದಿದ್ದರೆ ಎಂ.ಡಿ. ಸಾಹೇಬರು ‘ಒಳಗೇ ಕೊಳ್ಳಿ’ ಎಂದುಬಿಟ್ಟರೆ ಮುಗಿಯಿತಲ್ಲ?

ಆ ತಿಂಗಳ ಮಟ್ಟಿಗೆ ಮುಗಿಯಿತು. ಆಮೇಲೆ ಪಂಪ್ ಮ್ಯಾನೇಜರ್ ತಮ್ಮ ನಷ್ಟಕ್ಕೆಲ್ಲ ಆ ಅಪ್ಪಣೆಯನ್ನೇ ತೋರಿಸುತ್ತಾರೆ, ವಿಭಾಗದ ಲಾಭದಿಂದ ಅವರನ್ನು ಅಳೆಯುವುದು ಅಲ್ಲಿಗೆ ನಿಂತಿತು. ಅಪ್ಪಣೆ ಅನಿವಾರ್ಯವಾದರೆ ಎರಡು ದರ ಬರೆಯಬಹುದು: ಫೌಂಡ್ರಿಗೆ 690 ಜಮಾ, ಪಂಪಿಗೆ 560 ಖರ್ಚು, ನಡುವಿನ 130 ಮುಖ್ಯ ಕಚೇರಿಯ ಖಾತೆಯಲ್ಲಿ. ಇಬ್ಬರಿಗೂ ಹಿತ, ಆದರೆ ವಿಭಾಗಗಳ ಲಾಭ ಕೂಡಿದರೆ ಕಂಪನಿಯ ಲಾಭಕ್ಕಿಂತ ಹೆಚ್ಚು ಬರುತ್ತದೆ ಎಂಬುದನ್ನು ಬೋನಸ್ ಹಂಚುವವರು ಮರೆಯಬಾರದು.

ಈ ಬೆಲೆಯನ್ನೇ ಜಿಎಸ್‌ಟಿಗೂ ವಾರ್ಷಿಕ ಲೆಕ್ಕಕ್ಕೂ ಹಾಕಬಹುದೇ?

ಒಂದೇ ಜಿಎಸ್‌ಟಿ ನೋಂದಣಿಯಡಿ ಇರುವ ಎರಡು ಶೆಡ್ಡುಗಳ ನಡುವೆ ಮಾಲು ಸರಿದರೆ ಅದು ಪೂರೈಕೆಯೇ ಅಲ್ಲ, ಒಳ ಬೆಲೆ ನಿಮ್ಮ ಪುಸ್ತಕದ ಮಾತು. ಫೌಂಡ್ರಿ ಬೆಳಗಾವಿಯಲ್ಲಿದ್ದು ಪಂಪ್ ವಿಭಾಗ ಕೊಲ್ಹಾಪುರದಲ್ಲಿದ್ದರೆ ರಾಜ್ಯ ಬೇರೆ, ನೋಂದಣಿ ಬೇರೆ. ಆಗ ಕಾನೂನು ಅವರನ್ನು ಇಬ್ಬರು ಬೇರೆ ವ್ಯಕ್ತಿಗಳೆಂದೇ ನೋಡುತ್ತದೆ, ಮೌಲ್ಯಕ್ಕೆ ನಿಯಮ 28 ಅನ್ವಯಿಸುತ್ತದೆ. ಕೊಳ್ಳುವ ಕಡೆಗೆ ತೆರಿಗೆಯ ಪೂರ್ತಿ ಕ್ರೆಡಿಟ್ ಸಿಗುವುದಾದರೆ ಇನ್‌ವಾಯ್ಸಿನಲ್ಲಿ ಬರೆದ ಬೆಲೆಯನ್ನೇ ಒಪ್ಪಲಾಗುತ್ತದೆ. ಎರಡು ಪ್ರತ್ಯೇಕ ಕಂಪನಿಗಳಾಗಿದ್ದರೆ, ಅದರಲ್ಲೂ ಒಂದು ವಿದೇಶದಲ್ಲಿದ್ದರೆ, ಸಂಬಂಧವಿಲ್ಲದವರ ನಡುವೆ ನಡೆಯುವಂಥ ಬೆಲೆಯನ್ನು ತೋರಿಸಬೇಕಾಗುತ್ತದೆ. ಖಾಲಿ ಸಾಮರ್ಥ್ಯದ 560 ಅಲ್ಲಿ ಸುಲಭಕ್ಕೆ ನಿಲ್ಲದು. ಅಂಥ ಕಡೆ ತೆರಿಗೆಗೆ ಒಂದು ದರ, ಮ್ಯಾನೇಜರುಗಳ ತೀರ್ಮಾನಕ್ಕೆ ಇನ್ನೊಂದು ದರ ಇಟ್ಟುಕೊಳ್ಳುವುದೇ ಕ್ಷೇಮ.

ವರ್ಷದ ಕೊನೆಗೆ ಪಂಪ್ ವಿಭಾಗದ ಗೋದಾಮಿನಲ್ಲಿ ಉಳಿದ ಕೇಸಿಂಗುಗಳ ವಿಷಯ ಬೇರೆ. ವಿಭಾಗದ ಪುಸ್ತಕದಲ್ಲಿ ಅವು 690ಕ್ಕೆ ಕೂತಿರಬಹುದು. ಕಂಪನಿಯ ಲೆಕ್ಕಪತ್ರದಲ್ಲಿ ಅವುಗಳ ವೆಚ್ಚ ಕಂಪನಿಗೆ ತಗಲಿದ ಉತ್ಪಾದನಾ ವೆಚ್ಚ, ಅದರಲ್ಲಿ ಸ್ಥಿರ ಉತ್ಪಾದನಾ ವೆಚ್ಚದ ಪಾಲನ್ನು ಸಾಮಾನ್ಯ ಸಾಮರ್ಥ್ಯದ ಮೇಲೆ ಹಂಚಿ ಸೇರಿಸಬೇಕು. ಆ 20 ಲಕ್ಷ ಪೂರ್ತಿ ಉತ್ಪಾದನೆಯದೇ ಆಗಿದ್ದು, ಸಾಮಾನ್ಯ ಸಾಮರ್ಥ್ಯ 10,000 ಎಂದಾದರೆ ಒಂದು ಕೇಸಿಂಗಿನ ವೆಚ್ಚ 760, ಒಳ ಬೆಲೆ 690 ಇದ್ದರೂ, 870 ಇದ್ದರೂ.